ಆ್ಯಪ್ ರೆಡಿ ಅಂದ್ರಿ, ಪ್ಲೇ ಸ್ಟೋರಲ್ಲಿ ಹುಡುಕಿದ್ರೆ ಯಾಕೆ ಸಿಗ್ತಿಲ್ಲ?

[ಕ್ಯಾಮೆರಾ ಎದುರು. ಹಿಂದೆ ಕಿಟಕಿ, ಹೊರಗೆ ಮಳೆ]

ನಮಸ್ಕಾರ. ಕಳೆದ ವಿಡಿಯೋದ ಕೊನೆಯಲ್ಲಿ "ನಾನೊಂದು ಆ್ಯಪ್ ಮಾಡಿದ್ದೇನೆ, ಹೆಸರು 'ಮದ್ದಿನ ದಿನ'" ಅಂತ ಒಂದು ಮಾತು ಹೇಳಿ ಹೋಗಿದ್ದೆ. ಕೆಳಗೆ ಬಂದ ಕಮೆಂಟುಗಳಲ್ಲಿ ಹೆಚ್ಚಿನದು ಒಂದೇ ಪ್ರಶ್ನೆ: "ಪ್ಲೇ ಸ್ಟೋರಲ್ಲಿ ಹುಡುಕಿದೆ ಮಾರಾಯ್ರೆ, ಸಿಗುದೇ ಇಲ್ಲ." ಒಬ್ಬರಂತೂ "ಬರೀ ಬಾಯಲ್ಲಿ ಆ್ಯಪ್" ಅಂತ ಬರೆದಿದ್ದಾರೆ. ಆ್ಯಪ್ ಉಂಟು. ಹುಡುಕಿದ್ರೆ ಸಿಗುದಿಲ್ಲ, ಅದೂ ನಿಜ.

ಮೊದಲು ಆ್ಯಪ್ ಎಂತಕ್ಕೆ ಅಂತ ಬೇಗ ಹೇಳ್ತೇನೆ. ನಾನಿರುವುದು ಮಂಗಳೂರಲ್ಲಿ, ಅಪ್ಪನ ಅಡಿಕೆ ತೋಟ ಕಾರ್ಕಳದ ಕಡೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುದು ನಿಮಗೆ ಗೊತ್ತಿರುವ ವಿಷಯ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40ರಿಂದ 45 ದಿನಕ್ಕೆ ಇನ್ನೊಂದು ಸಲ. ಕೇಳಲಿಕ್ಕೆ ಸುಲಭ. ಆದರೆ ಇಡೀ ತೋಟಕ್ಕೆ ಒಂದೇ ದಿನ ಮದ್ದು ಬಿಡ್ಲಿಕ್ಕೆ ಆಗುದಿಲ್ಲ. ಒಂದು ದಿನ ಮರ ಹತ್ತುವವ ಬರುದಿಲ್ಲ, ಇನ್ನೊಂದು ದಿನ ಮಧ್ಯಾಹ್ನಕ್ಕೇ ಮಳೆ. ಈ ಸಲ ಮೇಲಿನ ತೋಟಕ್ಕೆ ಜೂನ್ 1, ಹೊಳೆ ಬದಿಗೆ ಜೂನ್ 3, ಹೊಸ ತೋಟಕ್ಕೆ ಮತ್ತೂ ಒಂದು ವಾರ ತಡ. ಅಪ್ಪ ಇದನ್ನೆಲ್ಲ ಗೋಡೆಯ ಕ್ಯಾಲೆಂಡರಲ್ಲಿ "ಮದ್ದು" ಅಂತ ಬರೆದಿಡ್ತಾರೆ. ಯಾವ ತೋಟ ಅಂತ ಬರೆಯುದಿಲ್ಲ! ಜುಲೈ ಬಂದಾಗ ಜೂನ್ ಹಾಳೆ ಅಮ್ಮನ ಅಡುಗೆಮನೆ ಡಬ್ಬಿಯ ಅಡಿಯಲ್ಲಿ.

ಆ್ಯಪಲ್ಲಿ ತೋಟದ ಹೆಸರು, ಮದ್ದು ಬಿಟ್ಟ ದಿನ ಎರಡೇ ಹಾಕುದು. 40ನೇ ದಿನ ಬೆಳಗ್ಗೆ ಆರು ಗಂಟೆಗೆ ಫೋನ್ ಬಡ್ಕೊಳ್ತದೆ. ಹೊಳೆ ಬದಿಗೆ ಜೂನ್ 3 ಅಂತ ಹಾಕಿದ್ರೆ ಜುಲೈ 13ಕ್ಕೆ ಅಲಾರಾಂ, 18ರ ಒಳಗೆ ಮುಗಿಸಿ ಅಂತ ಸೂಚನೆ. ನೆಟ್ ಬೇಡ. ಇಷ್ಟೇ ಆ್ಯಪ್.

[ಸ್ಕ್ರೀನ್: ಪ್ಲೇ ಸ್ಟೋರ್ ಹುಡುಕಾಟ, ಖಾಲಿ]

ಈಗ ಪ್ರಶ್ನೆಗೆ ಬರುವ. ನವೆಂಬರ್ 13, 2023ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಗಳಿಗೆ ಗೂಗಲ್ ಒಂದು ಷರತ್ತು ಹಾಕಿದೆ. ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಕಡಿಮೆ ಅಂದ್ರೆ 12 ಜನ, ನಡುವೆ ಬಿಡದೆ 14 ದಿನ, ಪರೀಕ್ಷಕರಾಗಿ ಇರಬೇಕು. ಮೊದಲು 20 ಜನ ಅಂತ ಇತ್ತು, 2024ರ ಡಿಸೆಂಬರಲ್ಲಿ 12ಕ್ಕೆ ಇಳಿಸಿದ್ರು. ಅಲ್ಲಿಯವರೆಗೆ ಆ್ಯಪ್ ಹುಡುಕಾಟದಲ್ಲಿ ಬರುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ. ನನ್ನ ಖಾತೆ ಹೊಸತು. 25 ಡಾಲರ್ ಕಟ್ಟಿ ಆದ ಮೇಲೆ ಈ ಷರತ್ತು ಓದಿದ್ದು ನನ್ನದೇ ಬುದ್ಧಿ.

ನನಗೆ ತಲೆ ಕೆಟ್ಟದ್ದು ಬೇರೆ ವಿಷಯಕ್ಕೆ. ಪರೀಕ್ಷೆ 14 ದಿನ. ನನ್ನ ಆ್ಯಪ್ ಮಾಡುವ ಒಂದೇ ಒಂದು ಕೆಲಸ ಆಗುದು 40ನೇ ದಿನ! ಚೌತಿಗೆ ಹಾಕಿಸುವ ಧ್ವನಿವರ್ಧಕವನ್ನು ಆಟಿಯಲ್ಲೇ, ಆನ್ ಮಾಡದೆ ಪಾಸ್ ಮಾಡಿ ಅಂದ ಹಾಗೆ. ಹನ್ನೆರಡೂ ಜನ ಹದಿನಾಲ್ಕು ದಿನ ಸುಮ್ಮನೆ ಇಟ್ಕೊಂಡು "ಚೆನ್ನಾಗುಂಟು" ಅಂತ ಹೇಳ್ಬಹುದು, ಅಲಾರಾಂ ಒಂದು ಸಲವೂ ಬಡ್ಕೊಳ್ಳದೆ.

ದಾರಿ ಅಪ್ಪನೇ ತೋರಿಸಿದ್ದು, ಗೊತ್ತಿಲ್ಲದೆ. ಅವರು ತಾರೀಕು ಹಾಕುವಾಗ ತಪ್ಪಿ ಹಿಂದಿನ ತಿಂಗಳು ಹಾಕಿದ್ರು, ಮರುದಿನ ಬೆಳಗ್ಗೆಯೇ ಬಡ್ಕೊಳ್ತು. ಅಂದ್ರೆ ಹಳೇ ತಾರೀಕು ಹಾಕಿದ್ರೆ ಸಾಕು. ಇವತ್ತು ಜುಲೈ 10 ಅಂತ ಇಟ್ಕೊಳ್ಳಿ. ಜೂನ್ 1 ಅಂತ ಹಾಕಿ. ನಾಳೆ 11, ಅದು 40ನೇ ದಿನ. ಬೆಳಗ್ಗೆ ಆರಕ್ಕೆ ಬಡ್ಕೊಳ್ಬೇಕು.

[ಕ್ಯಾಮೆರಾ ಹತ್ತಿರ]

ಈಗ ಬಡ್ಕೊಳ್ಳದೇ ಇದ್ದ ಕಥೆ. ಒಮ್ಮೆ ನಮ್ಮೂರಲ್ಲಿ ಎರಡು ದಿನ ಕರೆಂಟ್ ಇಲ್ಲ. ಅಪ್ಪನ ಫೋನ್ ಚಾರ್ಜ್ ಮುಗಿದು ಸತ್ತಿತು. ಕರೆಂಟ್ ಬಂತು, ಚಾರ್ಜಿಗೆ ಇಟ್ರು, ಆನ್ ಮಾಡಿದ್ರು. ಮರುದಿನ ಅಲಾರಾಂ ಇಲ್ಲ. ಕಾರಣ ಎಂತ ಅಂದ್ರೆ, ಆಂಡ್ರಾಯ್ಡಲ್ಲಿ ಆ್ಯಪ್ ಇಟ್ಟ ಅಲಾರಾಂಗಳು ಫೋನ್ ಆಫ್ ಆಗಿ ಆನ್ ಆದ್ರೆ ಅಳಿಸಿ ಹೋಗ್ತವೆ. ಫೋನ್ ಎದ್ದ ಕೂಡಲೇ "ಎದ್ದೆ" ಅಂತ ಒಂದು ಸಂದೇಶ ಬಿಡ್ತದೆ, ಅದನ್ನು ಕೇಳಿಸಿಕೊಂಡು ಆ್ಯಪೇ ಮತ್ತೆ ಅಲಾರಾಂ ಇಡಬೇಕು. ಅದಕ್ಕೆ ಈ ಅನುಮತಿ ಬೇಕು, ನಾನು ಹಾಕಿರಲಿಲ್ಲ:

```
<uses-permission android:name=
  "android.permission.RECEIVE_BOOT_COMPLETED" />
```

ನನ್ನ ಫೋನ್ ತಿಂಗಳುಗಟ್ಟಲೆ ಆಫ್ ಆಗುದೇ ಇಲ್ಲ, ಮಂಗಳೂರಲ್ಲಿ ಕೂತು ನನಗೆ ಇದು ಗೊತ್ತಾಗುದು ಹೇಗೆ? ಈಗ ಅನುಮತಿಯೂ ಉಂಟು, ಸಂದೇಶ ಕೇಳುವ ಕೋಡೂ ಉಂಟು. ಆದರೂ ಕೆಲವು ಫೋನಲ್ಲಿ ಬ್ಯಾಟರಿ ಉಳಿಸುವ ನೆಪದಲ್ಲಿ ಹಿಂದೆ ಇರುವ ಆ್ಯಪನ್ನು ಪೂರ್ತಿ ನಿಲ್ಲಿಸಿಬಿಡ್ತಾರೆ. ಆಗ ಅಲಾರಾಂ ಕೂಡ ಹೋಯ್ತು, ಅದಕ್ಕೆ ನನ್ನ ಕೋಡಲ್ಲಿ ಮದ್ದಿಲ್ಲ. ಸೆಟ್ಟಿಂಗ್ಸಲ್ಲಿ ಈ ಆ್ಯಪಿನ ಬ್ಯಾಟರಿ ಮಿತಿಯನ್ನು ನೀವೇ ತೆಗೀಬೇಕು.

[ಸ್ಕ್ರೀನ್: ಫೋನ್ ರೆಕಾರ್ಡಿಂಗ್]

ಸರಿ, ಪರೀಕ್ಷಕರಾಗಿ ನೀವು ಆ್ಯಪ್ ಹಾಕಿಕೊಳ್ಳುದು ಹೇಗೆ. ಮೊದಲು ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ನಿಮ್ಮ ಚಿತ್ರ ಒತ್ತಿ, ಯಾವ ಜಿಮೇಲ್ ಉಂಟು ನೋಡಿ. ಇದನ್ನು ಬಿಡಬೇಡಿ! ಅಪ್ಪನ ಫೋನಲ್ಲಿ ಎರಡು ಜಿಮೇಲ್. ಒಂದು ನಾನು ಮಾಡಿಕೊಟ್ಟದ್ದು, ಇನ್ನೊಂದು ಫೋನ್ ತೆಗೆದ ದಿನ ಮೊಬೈಲ್ ಅಂಗಡಿಯ ಹುಡುಗ ಮಾಡಿದ್ದು, ಅದರ ಪಾಸ್‌ವರ್ಡ್ ಆ ಹುಡುಗನಿಗೂ ನೆನಪಿಲ್ಲ. ಪ್ಲೇ ಸ್ಟೋರ್ ಓಡುದು ಅಂಗಡಿಯ ಜಿಮೇಲಲ್ಲಿ. ಪರೀಕ್ಷಕರ ಪಟ್ಟಿಗೆ ಸೇರಿಸಿದ್ದು ನಾನು ಮಾಡಿಕೊಟ್ಟದ್ದನ್ನು. ಲಿಂಕ್ ಒತ್ತಿದ್ರೆ ಆ್ಯಪ್ ಸಿಗುದಿಲ್ಲ ಅಂತ ಬರ್ತದೆ. ಮದುವೆ ಕರೆಯೋಲೆಯಲ್ಲಿ ಒಬ್ಬನ ಹೆಸರು, ಊಟಕ್ಕೆ ಕೂತದ್ದು ಇನ್ನೊಬ್ಬ. ಅರ್ಧ ದಿನ ಹೋಯ್ತು ನಂದು, ಫೋನಲ್ಲಿ "ಅಪ್ಪಾ, ಆ ಉರುಟು ಚಿತ್ರ ಒತ್ತಿ" ಅಂತ ಹೇಳಿ ಹೇಳಿ.

ಜಿಮೇಲ್ ನೋಡಿಯಾಯ್ತಾ? ಕೆಳಗೆ ಎರಡು ಲಿಂಕ್ ಉಂಟು. ಮೊದಲನೆಯದ್ದು ಪರೀಕ್ಷಕರ ಗೂಗಲ್ ಗ್ರೂಪ್, ಅದೇ ಜಿಮೇಲಿಂದ ಸೇರಿ. ಎರಡನೆಯದ್ದು ತೆರೆದ್ರೆ `Become a tester` ಅಂತ ಬಟನ್ ಬರ್ತದೆ, ಒತ್ತಿ. ಆಮೇಲೆ ಅದೇ ಪುಟದಲ್ಲಿ ಪ್ಲೇ ಸ್ಟೋರಿಗೆ ಹೋಗುವ ಲಿಂಕ್. ಕೂಡಲೇ ಸಿಗದಿದ್ರೆ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಆ್ಯಪ್ ತೆರೆದಾಗ ನೋಟಿಫಿಕೇಶನ್ ಬೇಕಾ ಕೇಳ್ತದೆ. ಆಂಡ್ರಾಯ್ಡ್ 13ರಿಂದ ಇದನ್ನು ಒಪ್ಪಬೇಕು, ಬೇಡ ಅಂದ್ರೆ ಸೂಚನೆ ಕಾಣುದಿಲ್ಲ.

[ಟೈಮರ್ ಕಡೆ ನೋಡಿ] ಸಮಯ ಆಯ್ತು, ಉಳಿದದ್ದು ಒಂದೇ ಉಸಿರಲ್ಲಿ. "ವಾಟ್ಸಾಪಲ್ಲಿ ಎಪಿಕೆ ಕಳಿಸಿ" ಅಂದವರಿಗೆ: ಹಾಗೆ ಹಾಕಿದ್ರೆ ಆ 12ರ ಲೆಕ್ಕಕ್ಕೆ ಬರುದಿಲ್ಲ, ಪ್ಲೇ ಸ್ಟೋರಿನ ಅಪ್‌ಡೇಟೂ ಬರುದಿಲ್ಲ. ಐಫೋನಿಗೆ ಇಲ್ಲ, ವರ್ಷಕ್ಕೆ 99 ಡಾಲರ್ ಕೊಡುವಷ್ಟು ಅಡಿಕೆ ನಮ್ಮಲ್ಲಿ ಆಗುದಿಲ್ಲ. ಬರೆದದ್ದೆಲ್ಲ ನಿಮ್ಮ ಫೋನಲ್ಲೇ ಉಳಿಯುದು, ಆ್ಯಪ್ ತೆಗೆದ್ರೆ ತಾರೀಕೂ ಹೋಗ್ತದೆ, ಹಾಗಾಗಿ ಕ್ಯಾಲೆಂಡರಲ್ಲಿ ಬರೆಯುದು ಬಿಡಬೇಡಿ.

ಇನ್ನು ನಿಮ್ಮಿಂದ ನನಗೆ ಬೇಕಾದ್ದು. "ಸೂಪರ್" ಬೇಡ. 14 ದಿನ ಆದ ಮೇಲೆ ಆ್ಯಪನ್ನು ಎಲ್ಲರಿಗೂ ಬಿಡ್ಲಿಕ್ಕೆ ಅನುಮತಿ ಕೇಳುವಾಗ ಗೂಗಲ್ ನನ್ನ ಹತ್ರ ಕೇಳುದು, ಪರೀಕ್ಷಕರು ಎಂತ ಹೇಳಿದ್ರು, ನೀನು ಎಂತ ಬದಲಿಸಿದೆ ಅಂತ. ಅದಕ್ಕೆ ಹೀಗೆ ಮಾಡಿ: ಇವತ್ತಿಗೆ 39 ದಿನ ಹಿಂದಿನ ತಾರೀಕು ಹಾಕಿ, ರಾತ್ರಿ ಮಲಗುವ ಮೊದಲು ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬೆಳಗ್ಗೆ ಬಡ್ಕೊಂಡಿತಾ, ಎಷ್ಟು ಗಂಟೆಗೆ, ಫೋನ್ ಯಾವುದು, ಆಂಡ್ರಾಯ್ಡ್ ಎಷ್ಟನೆಯದ್ದು, ಇಷ್ಟು ಬರೆದು ಕಳಿಸಿ. ಆ್ಯಪಿನ ಪ್ಲೇ ಸ್ಟೋರ್ ಪುಟದಲ್ಲೇ ಬರೀಬಹುದು, ಪರೀಕ್ಷಕರು ಬರೆದದ್ದು ನನಗೆ ಮಾತ್ರ ಕಾಣುದು, ಬೈದ್ರೂ ಊರಿಗೆ ಗೊತ್ತಾಗುದಿಲ್ಲ. ಮತ್ತೆ, ಆ ಹದಿನಾಲ್ಕು ದಿನದ ಒಳಗೆ ಪರೀಕ್ಷೆಯಿಂದ ಹೊರಗೆ ಹೋಗ್ಬೇಡಿ, ಹೋಗಿ ಬಂದ್ರೆ ನಿಮ್ಮ ದಿನ ಮತ್ತೆ ಒಂದರಿಂದ.

ಈ ವಿಡಿಯೋ ಎಡಿಟ್ ಮಾಡುವಾಗ ಪಟ್ಟಿಯಲ್ಲಿ ಇದ್ದದ್ದು ಒಂಬತ್ತು ಜನ. ಅದರಲ್ಲಿ ಅಪ್ಪ ಒಬ್ಬರೇ, ಎರಡು ಜಿಮೇಲ್ ಇದ್ರೂ ಒಬ್ಬರೇ ಅಂತ ಲೆಕ್ಕ ಹಾಕಿದ್ದೇನೆ.