ಬೂಟಿನ ಕಾಲರ್ ನೋಡಬೇಡಿ, ತಳ ನೋಡಿ

ನಮಸ್ಕಾರ. ಬಳ್ಳಾರಿಯಿಂದ ಮಾತಾಡುತ್ತಿದ್ದೇನೆ. ಇವತ್ತು ಬೇರೆ ವಿಷಯ ರೆಡಿ ಮಾಡಿಕೊಂಡಿದ್ದೆ. ಆದರೆ ಬೆಳಗ್ಗೆ ಒಂದು ಕಾಮೆಂಟ್ ಓದಿದೆ, ಅದನ್ನು ಬಿಟ್ಟು ಮುಂದೆ ಹೋಗೋಕೆ ಆಗುತ್ತಿಲ್ಲ.

"ಅಣ್ಣಾ, ಹದಿನಾರು ಕೆಜಿ ಹೊತ್ಕೊಂಡು ಶೂದಾಗ ಹೋಗ್ತೀಯಾ? ಕಾಲು ಉಳುಕ್ತೈತಿ ನೋಡು. ಬೂಟ್ ಹಾಕ್ಕೋ, ಆಂಕಲ್ ಸಪೋರ್ಟ್ ಸಿಗ್ತೈತಿ."

ಆಂಕಲ್ ಸಪೋರ್ಟ್! ಟ್ರೆಕ್ಕಿಂಗ್ ಮಾತು ಎಲ್ಲೇ ಬರಲಿ, ಈ ಎರಡು ಪದ ಬಂದೇ ಬರುತ್ತವೆ. ತಮ್ಮಾ, ನೀನು ಕಾಳಜಿಯಿಂದ ಬರೆದಿದ್ದೀಯ, ಗೊತ್ತು. ಆದರೆ ನೋಡಬೇಕಾದ ಜಾಗ ಬಿಟ್ಟು ಬೇರೆ ಜಾಗ ನೋಡುತ್ತಿದ್ದೀಯ. ಹರಡಿನ ಸುತ್ತ ಬರುವ ಬೂಟಿನ ಕಾಲರ್ ನೋಡಬೇಡ, ತಳ ನೋಡು.

ಕಾಲು ಉಳುಕುವುದು ಹೇಗೆ? ಕಲ್ಲಿನ ಅಂಚಿನ ಮೇಲೆ ಹೆಜ್ಜೆ ಬೀಳುತ್ತದೆ, ಪಾದ ಹೊರಗಡೆಗೆ ಹೊರಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಎಪ್ಪತ್ತು ಕೆಜಿ ಮೈ, ಹದಿನಾರು ಕೆಜಿ ಬ್ಯಾಗ್, ಎಲ್ಲ ಭಾರ ಒಂದೇ ಕಾಲಿನ ಮೇಲೆ. ಅದನ್ನು ಸ್ಪಂಜು ಹೊಲಿದ ಒಂದು ಬಟ್ಟೆಯ ಕಾಲರ್ ಹಿಡಿದು ನಿಲ್ಲಿಸುತ್ತದಾ? ಹಿಮದಲ್ಲಿ ಜಾರುವವರು ಹಾಕುವ ಸ್ಕೀ ಬೂಟ್ ಹಿಡಿಯುತ್ತದೆ. ಅದು ಗಟ್ಟಿ ಪ್ಲಾಸ್ಟಿಕ್, ಕಾಲನ್ನು ಆಡಿಸೋಕೇ ಬಿಡುವುದಿಲ್ಲ. ಅಂಥದ್ದನ್ನು ಹಾಕಿಕೊಂಡು ಐದು ದಿನ ನಡೆಯೋಕೆ ಆಗುತ್ತದಾ?

1993ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 600ಕ್ಕೂ ಹೆಚ್ಚು ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರು. ಕೆಲವರಿಗೆ ಎತ್ತರ ಕಾಲರಿನ ಶೂ, ಕೆಲವರಿಗೆ ತಗ್ಗಿನ ಶೂ. ಉಳುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. "ಅವರ ಬೆನ್ನ ಮೇಲೆ ಬ್ಯಾಗ್ ಇರಲಿಲ್ಲವಲ್ಲ" ಅಂತೀರಿ. ಇರಲಿಲ್ಲ, ಸರಿ. ಬ್ಯಾಗ್ ಇದ್ದಾಗ ಏನಾಗುತ್ತದೆ ಅಂತ ನನ್ನ ಕಾಲಿಂದಲೇ ಹೇಳುತ್ತೇನೆ.

ಹಿಮಾಚಲದ ಹಂಪ್ಟಾ ಪಾಸ್. 4270 ಮೀಟರ್ ಎತ್ತರ. ಟೆಂಟು, ಅಡುಗೆ ಸಾಮಾನು, ಎಲ್ಲ ನಾವೇ ಹೊತ್ತಿದ್ದೆವು. ನನ್ನ ಬ್ಯಾಗ್ ಹದಿನಾರು ಕೆಜಿ. ಕಾಲಲ್ಲಿ ಓಟಕ್ಕೆ ಮಾಡಿದ ಟ್ರೇಲ್ ಶೂ. ಮೆತ್ತಗೆ, ದಪ್ಪ ಫೋಮು, ಹಾಕಿಕೊಂಡರೆ ಹಾಸಿಗೆ ಮೇಲೆ ನಿಂತ ಹಾಗೆ. ಜೋಬ್ರಾದಿಂದ ಚಿಕಾ ತನಕ ಆರಾಮ. ಚಿಕಾದಿಂದ ಬಾಲು ಕಾ ಘೇರಾ ಕಡೆ ಬಂಡೆಗಳು ಶುರುವಾದವು. ಕಲ್ಲಿನ ತುದಿ ಮೇಲೆ ಕಾಲಿಟ್ಟರೆ ಶೂ ಕಲ್ಲಿನ ಸುತ್ತ ಬಾಗುತ್ತಿತ್ತು. ಶೂ ಬಾಗಿದರೆ ಪಾದ ಬಾಗುತ್ತದೆ. ಪಾದದ ಸಣ್ಣ ಸಣ್ಣ ಸ್ನಾಯುಗಳು ಇಡೀ ದಿನ ಆ ಭಾರ ಹಿಡಿದು ದುಡಿಯಬೇಕು. ಸಂಜೆಗೆ ಅಂಗಾಲಿನ ಮಧ್ಯೆ ಉರಿ. ಮರುದಿನ ಪಾಸ್ ದಾಟಿ ಶಿಯಾ ಗೋರು ಕಡೆ ಇಳಿಜಾರು. ದಣಿದ ಪಾದ, ಒಂದು ಪಕ್ಕಕ್ಕೆ ಅಮುಕಿಹೋದ ಫೋಮು. ಎರಡು ಸಲ ಕಾಲು ಹೊರಳಿತು.

ಊರಿಗೆ ಬಂದ ಮೇಲೆ ಎಲ್ಲರದ್ದೂ ಒಂದೇ ಮಾತು, "ಬೂಟ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ". ಮುಂದಿನ ವರ್ಷ ಅದೇ ಹಾದಿಗೆ, ಅದೇ ಭಾರ ಹೊತ್ತು ಹೋದೆ. ಮತ್ತೆ ತಗ್ಗಿನ ಶೂನೇ. ಹರಡಿನ ಕೆಳಗೇ ಮುಗಿಯುವ ಶೂ. ಆದರೆ ತಳ ಗಟ್ಟಿ. ಅದೇ ಬಂಡೆಗಳ ಮೇಲೆ ಕಾಲು ಹಲಗೆ ಮೇಲೆ ನಿಂತ ಹಾಗೆ ನಿಂತಿತು. ಅಂಗಾಲು ಉರಿಯಲಿಲ್ಲ, ಹೊರಳಲೂ ಇಲ್ಲ. ಕಾಲರ್ ಎರಡು ಸಲವೂ ಇರಲಿಲ್ಲ, ಬದಲಾಗಿದ್ದು ತಳ!

ಸಿರುಗುಪ್ಪ ಕಡೆಯವರು ಯಾರಾದರೂ ಕೇಳುತ್ತಿದ್ದರೆ ಹೇಳಿ. ಭತ್ತ ತುಂಬಿದ ಟ್ರೇಲರ್ ವಾಲಿದರೆ ಮೊದಲು ಗಾಲಿ ನೋಡುತ್ತೀರೋ, ಮೇಲೆ ಕಟ್ಟಿದ ತಾಡಪತ್ರಿ ನೋಡುತ್ತೀರೋ?

ಭತ್ತ ಅಂದಾಗ ನೆನಪಾಯಿತು, ತೂಕದ ಲೆಕ್ಕ. ಚರ್ಮದ ಬೂಟ್ ಜೋಡಿಗೆ ಸುಮಾರು 1.4 ಕೆಜಿ, ಗಟ್ಟಿ ತಳದ ಶೂ 700 ಗ್ರಾಂ ಅಂತ ಇಟ್ಟುಕೊಳ್ಳಿ. ಒಂದು ಕಾಲಿಗೆ 350 ಗ್ರಾಂ ಜಾಸ್ತಿ. ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ ಅಂದರೆ ಒಂದೊಂದು ಕಾಲನ್ನು ಹತ್ತು ಸಾವಿರ ಸಲ ಎತ್ತುತ್ತೀರಿ. ಗುಣಿಸಿ ನೋಡಿ, ಮೂರೂವರೆ ಟನ್. 75 ಕೆಜಿ ಭತ್ತದ ಚೀಲದಲ್ಲಿ 46 ಚೀಲಕ್ಕೂ ಹೆಚ್ಚು. ಒಂದು ಕಾಲಿಗೆ, ಒಂದು ದಿನಕ್ಕೆ! ಒಂದು ಕಾಲರಿನ ಆಸೆಗೆ ಇಷ್ಟು ಹಮಾಲಿ ಯಾಕೆ?

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಒದ್ದೆ ಬಟ್ಟೆ ಹಿಂಡುವ ಹಾಗೆ ಶೂನ ಎರಡು ತುದಿ ಹಿಡಿದು ತಿರುಚಿ. ಸುಲಭವಾಗಿ ತಿರುಚಿಕೊಂಡರೆ ವಾಪಸ್ ಇಡಿ, ಅದು ಸಣ್ಣ ಬ್ಯಾಗಿನ ಶೂ. ಆಮೇಲೆ ಮಡಚಿ ನೋಡಿ. ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಬಾಗಬಾರದು. ಹಿಮ್ಮಡಿ ಕೂರುವ ಬಟ್ಟಲನ್ನು ಹೆಬ್ಬೆರಳಿಂದ ಒತ್ತಿ. ಒಳಗೆ ಕುಸಿದರೆ ಬೇಡ. ಶೂ ನೋಡೋಕೆ ಸಂಜೆ ಹೋಗಿ, ಟ್ರೆಕ್ಕಿಗೆ ಹಾಕುವ ಸಾಕ್ಸ್ ತೊಗೊಂಡು ಹೋಗಿ. ನಮ್ಮ ಬಳ್ಳಾರಿ ಬಿಸಿಲಿಗೆ ಸಂಜೆಗೆ ಪಾದ ಊದಿರುತ್ತದೆ, ಬೆಟ್ಟದಲ್ಲೂ ಊದುತ್ತದೆ.

"ಹಿಮದಲ್ಲಿ ಏನು ಮಾಡ್ತೀಯಾ?" ಅಂತ ಈಗಲೇ ಟೈಪ್ ಮಾಡುತ್ತಿದ್ದೀರಿ, ಅಲ್ವಾ? ಗಟ್ಟಿ ಹಿಮದ ಮೇಲೆ, ಜಾರದಿರಲಿ ಅಂತ ತಳಕ್ಕೆ ಲೋಹದ ಮುಳ್ಳಿನ ಕ್ರಾಂಪಾನ್ ಕಟ್ಟುವ ಜಾಗದಲ್ಲಿ ಬೂಟೇ ಬೇಕು. ನಾನೂ ಅಲ್ಲಿ ಬೂಟೇ ಹಾಕುತ್ತೇನೆ. ಯಾಕೆ? ತಳ ಬಾಗಿದರೆ ಕ್ರಾಂಪಾನ್ ಕಳಚಿಕೊಳ್ಳುತ್ತದೆ. ಹಿಮದಲ್ಲಿ ತುದಿಯಿಂದ ಒದ್ದು ಮೆಟ್ಟಿಲು ಮಾಡೋಕೆ ತಳ ಗಟ್ಟಿ ಇರಬೇಕು. ಅಲ್ಲೂ ತಳ!

ಇನ್ನೊಂದು. "ನಮ್ಮ ಮಾವನ ಬೂಟ್ ಹತ್ತು ವರ್ಷ ಆದರೂ ಹೊಸದರಂತೆ ಇದೆ" ಅಂತ ಒಬ್ಬರು ಬರೆದಿದ್ದಾರೆ. ದಯವಿಟ್ಟು ಅದನ್ನು ಹಾಗೇ ಹಾಕಿಕೊಂಡು ಹೋಗಬೇಡಿ. ನನ್ನ ಜೊತೆಗಾರನೊಬ್ಬ ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಬೂಟ್ ಹಾಕಿಕೊಂಡು ಬಂದಿದ್ದ. ಚರ್ಮ ಫಳಫಳ. ಎರಡನೇ ದಿನ ಮಧ್ಯಾಹ್ನ ತಳ ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರಿತು. ಎಷ್ಟೋ ಬೂಟುಗಳ ತಳದ ನಡುವಿನ ಪದರ ಪಾಲಿಯುರಿಥೇನ್. ಗಾಳಿಯ ತೇವ ಅದನ್ನು ನಿಧಾನಕ್ಕೆ ಮುರಿಯುತ್ತದೆ. ಹಾಕದೆ ಇಟ್ಟರೂ ಬಿಡುವುದಿಲ್ಲ. ಉಗುರಿಂದ ಒತ್ತಿ ನೋಡಿ. ಬಿರುಕು ಬಿಟ್ಟರೆ, ಅಂಟಂಟಾದರೆ, ಅದರ ಕಥೆ ಮುಗಿಯಿತು. ಆ ಜೊತೆಗಾರ ಬೂಟಿಗೆ ಟೆಂಟಿನ ಹಗ್ಗ ಸುತ್ತಿಕೊಂಡು ಕೆಳಗಿಳಿದ. ಕಾಲರ್ ಮಾತ್ರ ಗಟ್ಟಿಯಾಗೇ ಇತ್ತು. ಏನು ಉಪಯೋಗ?

ಕಾಲರ್, ಕಾಲರ್, ಕಾಲರ್! ಸಾಕು ಮಾಡ್ರಪ್ಪಾ. ತಳ ನೋಡಿ. ತಿರುಗಿಸಿ ನೋಡಿ, ತಿರುಚಿ ನೋಡಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಂಡೇ ಬನ್ನಿ. ಬ್ಯಾಗ್ ತುಂಬುವ ವಿಡಿಯೋ ಹೋದ ವಾರ ಹಾಕಿದ್ದೇನೆ, ಅದನ್ನೂ ನೋಡಿ, ಗೆಳೆಯರಿಗೆ ಕಳಿಸಿ.

ಕಾಮೆಂಟ್ ಹಾಕಿದ ತಮ್ಮಾ, ಭಾನುವಾರ ಬೆಳಗ್ಗೆ ಕೋಟೆ ಗುಡ್ಡದ ಕೆಳಗೆ ಬಾ. ಬ್ಯಾಗಿನಲ್ಲಿ ಹದಿನಾರು ಲೀಟರ್ ನೀರು ತುಂಬಿಕೊಂಡು ಇಬ್ಬರೂ ಹತ್ತಿ ಇಳಿಯೋಣ. ನೀನು ನಿನ್ನ ಬೂಟಲ್ಲಿ, ನಾನು ನನ್ನ ಶೂನಲ್ಲಿ. ಆಮೇಲೆ ನಿನ್ನದನ್ನು ಬಿಚ್ಚಿ ಕೊಡು, ತಿರುಚಿ ನೋಡುತ್ತೇನೆ. ತಿಂಡಿ ನನ್ನ ಕಡೆಯಿಂದ, ಮಂಡಕ್ಕಿ ಒಗ್ಗರಣೆ, ಮಿರ್ಚಿ.