ಸೌದೆಯ ತೂಕ ಎಲ್ಲಿಂದ ಬಂತು? ಏಳನೇ ತರಗತಿಗೆ ದ್ಯುತಿಸಂಶ್ಲೇಷಣೆಯ ಒಂದು ವಾರ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಇಲ್ಲಿ ಕೂತಿರುವ ನಿಮ್ಮಲ್ಲಿ ಹೆಚ್ಚಿನವರೂ ಅದೇ ಕೆಲಸದವರು. ಹಾಗಾಗಿ ನೇರವಾಗಿ ತರಗತಿಯ ಒಳಗೆ ಹೋಗೋಣ.

ಏಳನೇ ತರಗತಿ. ಮೂವತ್ತೆಂಟು ಮಕ್ಕಳು. ನಾಲ್ಕೈದು ಜನ ಪುಸ್ತಕವನ್ನು ಮೊದಲೇ ಓದಿಕೊಂಡು ಬಂದಿರುತ್ತಾರೆ. ಏಳೆಂಟು ಮಕ್ಕಳು ಒಂದು ಸಾಲು ಓದುವುದಕ್ಕೂ ಕಷ್ಟಪಡುತ್ತಾರೆ. ಉಳಿದವರು ನಡುವೆ ಎಲ್ಲೋ ಇದ್ದಾರೆ. ಸಸ್ಯಗಳ ಪೋಷಣೆಯ ಪಾಠ ಮುಗಿದ ಮೇಲೆ 'ಗಿಡ ಆಹಾರ ಹೇಗೆ ತಯಾರಿಸುತ್ತದೆ?' ಅಂತ ಕೇಳಿದರೆ ಅರ್ಧ ತರಗತಿ ಸರಿಯಾಗಿ ಹೇಳುತ್ತಿತ್ತು. 'ಈ ಸೌದೆ ಇಷ್ಟು ಭಾರ ಇದೆಯಲ್ಲ, ಇದರ ತೂಕ ಎಲ್ಲಿಂದ ಬಂತು?' ಅಂತ ಕೇಳಿದರೆ ಮಾತ್ರ ಎಲ್ಲರೂ ಒಟ್ಟಿಗೆ 'ಮಣ್ಣಿಂದ ಸಾರ್' ಅನ್ನುತ್ತಿದ್ದರು. ಚೆನ್ನಾಗಿ ಓದುವವರೂ ಅಷ್ಟೇ, ಓದಲು ಬಾರದವರೂ ಅಷ್ಟೇ. ಆಗ ನನಗೆ ಒಂದು ವಿಷಯ ಹೊಳೆಯಿತು. ಈ ಪ್ರಶ್ನೆಯ ಮುಂದೆ ನನ್ನ ಮಕ್ಕಳೆಲ್ಲ ಒಂದೇ ಮಟ್ಟದಲ್ಲಿದ್ದಾರೆ. ವಾರವನ್ನು ಇಲ್ಲಿಂದಲೇ ಶುರು ಮಾಡಬೇಕು.

ಆದರೆ ಸಿದ್ಧತೆ ಹಿಂದಿನ ಶನಿವಾರವೇ ಆಗಬೇಕು. ಶಾಲೆ ಬಿಡುವ ಮೊದಲು ಕುಂಡದಲ್ಲಿರುವ ಎರಡು ದಾಸವಾಳದ ಗಿಡಗಳಿಗೆ ನೀರು ಹಾಕಿ, ಕತ್ತಲೆ ಇರುವ ಕೋಣೆಯೊಳಗೆ ಇಟ್ಟು ಬಾಗಿಲು ಹಾಕುತ್ತೇನೆ. ಎಲೆಯಲ್ಲಿ ಮೊದಲೇ ಸೇರಿಕೊಂಡಿರುವ ಪಿಷ್ಟ ಖಾಲಿಯಾಗಲು ಎರಡು ಮೂರು ದಿನ ಬೇಕು. ಇದನ್ನು ಮರೆತರೆ ಇಡೀ ವಾರ ಕೆಡುತ್ತದೆ. ಒಂದು ವರ್ಷ ನಾನು ಮರೆತಿದ್ದೆ. ಬೆಳಿಗ್ಗೆ ಎಲೆಗೆ ಕಪ್ಪು ಕಾಗದ ಸಿಕ್ಕಿಸಿ ಮಧ್ಯಾಹ್ನ ಆ ಎಲೆ ಕಿತ್ತು, ಪಿಷ್ಟ ಇದೆಯಾ ಅಂತ ಅಯೋಡಿನ್ ಹಾಕಿ ಪರೀಕ್ಷೆ ಮಾಡಿದೆ. ಮುಚ್ಚಿದ ಭಾಗವೂ ಕಪ್ಪಾಯಿತು. 'ಬೆಳಕಿಲ್ಲದೆಯೂ ಆಗುತ್ತೆ' ಅಂತ ಮಕ್ಕಳು ಬರೆದುಕೊಂಡರು. ಅವರು ಕಂಡದ್ದನ್ನೇ ಬರೆದಿದ್ದರು, ತಪ್ಪು ನನ್ನದು.

ಸೋಮವಾರ ಪುಸ್ತಕ ತೆಗೆಯುವುದಿಲ್ಲ. ಮೇಜಿನ ಮೇಲೆ ಒಂದು ಒಣ ಸೌದೆ, ನಾಲ್ಕು ಡಬ್ಬಿ. ಡಬ್ಬಿಗಳ ಮೇಲೆ ಮಣ್ಣು, ನೀರು, ಗಾಳಿ, ಬಿಸಿಲು ಎಂದು ಬರೆದು ಚಿತ್ರವನ್ನೂ ಅಂಟಿಸಿರುತ್ತೇನೆ. ಪ್ರತಿ ಮಗುವಿಗೆ ಐದು ಹುಣಸೆ ಬೀಜ. ಸೌದೆಯ ತೂಕ ಎಲ್ಲೆಲ್ಲಿಂದ ಬಂತು ಅನ್ನಿಸುತ್ತದೋ ಆ ಡಬ್ಬಿಗಳಿಗೆ ಬೀಜ ಹಂಚಿ ಹಾಕಬೇಕು. ಓದು ಬರಹ ಬಾರದವರಿಗೂ ಇಲ್ಲಿ ಪೂರ್ತಿ ಪಾಲು ಇದೆ, ಅಲ್ವಾ? ಪ್ರತಿ ವರ್ಷ ಮಣ್ಣಿನ ಡಬ್ಬಿ ತುಂಬುತ್ತದೆ. ಗಾಳಿಯ ಡಬ್ಬಿಯ ತಳದಲ್ಲಿ ಕೆಲವೇ ಬೀಜ.

ಆಮೇಲೆ ಹದಿನೇಳನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ಕಥೆ ಹೇಳುತ್ತೇನೆ. ಅವರು ಕುಂಡದಲ್ಲಿ ಸುಮಾರು 90 ಕಿಲೋ ಒಣ ಮಣ್ಣು ತೂಗಿ ಹಾಕಿ, ಎರಡು ಕಿಲೋ ಚಿಲ್ಲರೆ ತೂಕದ ವಿಲೋ ಸಸಿ ನೆಟ್ಟರು. ಐದು ವರ್ಷ ಬರೀ ನೀರು ಹಾಕಿದರು. ಮರ ಸುಮಾರು 77 ಕಿಲೋ ಆಯಿತು. ಮಣ್ಣನ್ನು ಒಣಗಿಸಿ ತೂಗಿದರೆ ಕಮ್ಮಿಯಾಗಿದ್ದದ್ದು ಸುಮಾರು 60 ಗ್ರಾಂ. ಈ ಪ್ರಯೋಗ 1648ರಲ್ಲಿ, ಅವರು ತೀರಿಕೊಂಡ ಮೇಲೆ ಅಚ್ಚಾಯಿತು. ಕಥೆ ಇಲ್ಲಿಗೆ ನಿಲ್ಲಿಸುತ್ತೇನೆ. ಉತ್ತರ ಹೇಳುವುದಿಲ್ಲ. ಡಬ್ಬಿಗಳನ್ನು ಮುಚ್ಚಿ ಕಪಾಟಿನಲ್ಲಿಡುತ್ತೇವೆ.

ಮಂಗಳವಾರ ಎರಡು ಕೆಲಸ. ಮೊದಲನೆಯದು ಅಯೋಡಿನ್ ಪರಿಚಯ. ಔಷಧಿ ಅಂಗಡಿಯ ಟಿಂಚರ್ ಅಯೋಡಿನ್‌ಗೆ ನೀರು ಬೆರೆಸಿ ಹಾಲಿಲ್ಲದ ಟೀ ಬಣ್ಣಕ್ಕೆ ತಂದುಕೊಳ್ಳಿ. ಅನ್ನ, ಆಲೂಗೆಡ್ಡೆ, ಸಕ್ಕರೆ, ಉಪ್ಪಿನ ಮೇಲೆ ಒಂದೊಂದು ಹನಿ ಹಾಕಲಿ. ಅನ್ನವೂ ಆಲೂಗೆಡ್ಡೆಯೂ ಕಡು ನೀಲಿಯಾಗುತ್ತವೆ. ಪಿಷ್ಟ ಇದ್ದಲ್ಲಿ ಈ ಬಣ್ಣ ಬರುತ್ತದೆ ಅನ್ನುವುದನ್ನು ಮಕ್ಕಳು ತಾವೇ ಹೇಳುತ್ತಾರೆ. ಎರಡನೆಯದು ಕತ್ತಲೆಯಲ್ಲಿದ್ದ ಗಿಡ. ಹೊರಗೆ ತಂದ ಕೂಡಲೇ ಒಂದು ಎಲೆ ಕಿತ್ತು, ಮುಂದೆ ಬುಧವಾರಕ್ಕೆ ಹೇಳುವ ಕ್ರಮದಲ್ಲೇ ಪರೀಕ್ಷೆ ಮಾಡಬೇಕು. ಅದು ಕಂದು ಹಳದಿಯಾಗಿಯೇ ಉಳಿದರೆ ಪಿಷ್ಟ ಖಾಲಿಯಾಗಿದೆ. ನೀಲಿಯಾದರೆ ಗಿಡ ಮತ್ತೆ ಕೋಣೆಗೆ ಹೋಗಲಿ, ಪ್ರಯೋಗ ಒಂದು ದಿನ ತಡವಾಗಲಿ. ಈ ಒಂದು ಎಲೆ ನೋಡದೆ ಮುಂದೆ ಹೋಗಬೇಡಿ. ಆಮೇಲೆ ಎಲೆಯ ನಡುವೆ, ಮೇಲೂ ಕೆಳಗೂ, ಕಪ್ಪು ಕಾಗದದ ಪಟ್ಟಿ ಇಟ್ಟು ಕ್ಲಿಪ್ ಹಾಕಿ ಗಿಡವನ್ನು ಬಿಸಿಲಿಗೆ ಇಡುತ್ತೇವೆ.

ಬುಧವಾರ ಕೊನೆಯ ಪೀರಿಯಡ್ ತೆಗೆದುಕೊಳ್ಳಿ. ಬೆಳಿಗ್ಗೆ ಎಲೆ ಕಿತ್ತರೆ ರಾತ್ರಿ ಗಿಡ ಪಿಷ್ಟವನ್ನು ಬಳಸಿಕೊಂಡಿರುತ್ತದೆ, ಬಣ್ಣ ಸರಿಯಾಗಿ ಬರುವುದಿಲ್ಲ. ಕಿತ್ತ ಎಲೆಯನ್ನು ಒಂದೆರಡು ನಿಮಿಷ ಕುದಿಯುವ ನೀರಿಗೆ ಹಾಕಬೇಕು. ಆಮೇಲೆ ಸ್ಪಿರಿಟ್‌ನಲ್ಲಿಟ್ಟು ಹಸಿರು ಬಿಡಿಸಬೇಕು. ಇಲ್ಲಿ ದಯವಿಟ್ಟು ಗಮನ ಕೊಡಿ. ಸ್ಪಿರಿಟ್ ಇರುವ ಕಡೆ ಬೆಂಕಿ ಇರಲೇಬಾರದು. ಬಿಸಿಯೂಟದ ಅಡುಗೆಮನೆಯಿಂದ ಕುದಿನೀರನ್ನು ಫ್ಲಾಸ್ಕಿನಲ್ಲಿ ನಾನೇ ತರುತ್ತೇನೆ. ಅಗಲದ ಪಾತ್ರೆಗೆ ಸುರಿದು, ಅದರೊಳಗೆ ಸ್ಪಿರಿಟ್ ಇರುವ ಲೋಟ ಇಡುತ್ತೇನೆ. ಸ್ಪಿರಿಟ್ 78 ಡಿಗ್ರಿ ಸುಮಾರಿಗೆ ಕುದಿಯುತ್ತದೆ. ಅದಕ್ಕೆ ಈ ಬಿಸಿನೀರಿನ ಕಾವೇ ಸಾಕು, ಒಲೆ ಬೇಡ. ಆವಿ ಒಳಗೆ ತುಂಬಿಕೊಳ್ಳದಂತೆ ವರಾಂಡದಲ್ಲಿ ಮಾಡಿ. ನೀರು ಆರಿದರೆ ಒಮ್ಮೆ ಬದಲಿಸಿ. ಎಲೆ ಬೆಳ್ಳಗಾದಾಗ ಒಣ ಹಪ್ಪಳದ ಹಾಗೆ ಮುರಿಯುತ್ತದೆ. ಬೆಚ್ಚನೆ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಬಿಳಿ ತಟ್ಟೆಯಲ್ಲಿ ಹರಡಿ ಅಯೋಡಿನ್ ಹಾಕಿದರೆ ಸುತ್ತಲೂ ಕಡು ನೀಲಿ, ನಡುವೆ ಪಟ್ಟಿಯ ಆಕಾರದಲ್ಲಿ ಕಂದು ಹಳದಿ.

ಒಂದು ವರ್ಷ ಆ ಪಟ್ಟಿಯನ್ನು ನೋಡುತ್ತಾ ಒಬ್ಬ ಹುಡುಗಿ ಕೇಳಿದಳು, 'ಸಾರ್, ಕಾಗದ ಬೆಳಕು ಮಾತ್ರ ತಡೀತಾ? ಗಾಳೀನೂ ತಡೀತಲ್ಲ?' ಓದುವುದರಲ್ಲಿ ಬಹಳ ಹಿಂದಿದ್ದ ಹುಡುಗಿ ಅವಳು. ಅದಕ್ಕೂ ಹಿಂದಿನ ಅಷ್ಟೂ ವರ್ಷಗಳಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು. ಎಲೆಗೆ ಗಾಳಿ ಹೋಗುವ ರಂಧ್ರಗಳನ್ನೂ ಆ ಕಾಗದ ಮುಚ್ಚಿತ್ತು. ಅಂದರೆ ನನ್ನ ಪ್ರಯೋಗದಲ್ಲಿ ಎರಡು ಬದಲಾವಣೆ ಒಟ್ಟಿಗೆ ಆಗಿದ್ದವು. ಅಂದಿನಿಂದ ಪಕ್ಕದ ಎಲೆಗೆ ಅದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಹಾಕುತ್ತೇವೆ. ಗಾಳಿಗೆ ಅದೇ ತಡೆ, ಬೆಳಕಿಗೆ ತಡೆ ಇಲ್ಲ. ಅದರ ಕೆಳಗೂ ನೀಲಿ ಬಂದರೆ, ಕಪ್ಪು ಕಾಗದದ ಕೆಳಗೆ ಇಲ್ಲದೆ ಹೋದದ್ದು ಬೆಳಕು ಅಂತ ಧೈರ್ಯವಾಗಿ ಹೇಳಬಹುದು.

ಆ ಹುಡುಗಿಗೆ ಈ ಪ್ರಶ್ನೆ ಹೇಗೆ ಬಂತು ಅಂದರೆ, ಕಾಗದ ಸಿಕ್ಕಿಸಿದವಳು ಅವಳೇ. ಮೊದಲೆಲ್ಲ ನಾನು ಗುಂಪು ಮಾಡಿದಾಗ ಓದಲು ಕಷ್ಟಪಡುವ ಮಕ್ಕಳಿಗೆ ನೀರು ತರುವುದು, ಲೋಟ ತೊಳೆಯುವುದು ಸಿಗುತ್ತಿತ್ತು. ಯೋಚನೆಯೆಲ್ಲ ಅದೇ ನಾಲ್ಕು ಮಕ್ಕಳ ಪಾಲು. ಈಗ ನಮ್ಮ ತರಗತಿಯಲ್ಲಿ ಒಂದು ನಿಯಮ ಇದೆ. ಕೈಯಲ್ಲಿ ಮಾಡಿದವರು ಮೊದಲು ಮಾತಾಡಬೇಕು. ಬೇಗ ಬರೆಯುವವರು ಕೊನೆಗೆ, ಬೇರೆಯವರು ಹೇಳಿದ್ದನ್ನು ಕೇಳಿಸಿಕೊಂಡು ಬರೆಯಬೇಕು. ಕೆಲಸ ದಿನವೂ ಬದಲಾಗುತ್ತದೆ. ಸುಲಭದ ಹಾಳೆ, ಕಷ್ಟದ ಹಾಳೆ ಅಂತ ಬೇರೆ ಬೇರೆ ಕೊಡುವುದನ್ನು ನಿಲ್ಲಿಸಿದೆ. ಎಲ್ಲರ ಮುಂದೆಯೂ ಅದೇ ಎಲೆ. ಒಬ್ಬರು ಬಣ್ಣದಲ್ಲಿ ಚಿತ್ರ ಬರೆಯುತ್ತಾರೆ, ಇನ್ನೊಬ್ಬರು ಎರಡು ಸಾಲು ಬರೆಯುತ್ತಾರೆ, ಬೇಗ ಮುಗಿಸಿದವರು 'ಈ ಪ್ರಯೋಗದಿಂದ ಏನನ್ನು ಹೇಳಲು ಆಗುವುದಿಲ್ಲ?' ಅನ್ನುವುದಕ್ಕೆ ಉತ್ತರ ಹುಡುಕುತ್ತಾರೆ.

ಗುರುವಾರ ಪಾಲಕ್ ಎಲೆ. ದಪ್ಪ ಜ್ಯೂಸ್ ಸ್ಟ್ರಾ ಅಥವಾ ಕಾಗದದ ಪಂಚಿಂಗ್ ಯಂತ್ರದಿಂದ ದೊಡ್ಡ ನರ ಬಿಟ್ಟು ಇಪ್ಪತ್ತು ಬಿಲ್ಲೆ ತೆಗೆಯಿರಿ. ಎರಡು ಲೋಟ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ 300 ಮಿಲಿಲೀಟರ್ ನೀರಿಗೆ ದೊಡ್ಡ ಚಿಟಿಕೆ ಅಡುಗೆ ಸೋಡಾ. ಸೋಡಾ ನೀರಿನಲ್ಲಿ ಎಲೆಗೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಸಿಗುತ್ತದೆ. ಎರಡಕ್ಕೂ ಪಾತ್ರೆ ತೊಳೆಯುವ ದ್ರವ ಒಂದೇ ಹನಿ. ನೊರೆ ಬಂದರೆ ಅದು ಜಾಸ್ತಿಯಾಯಿತು ಅಂತ. ಸೂಜಿ ಇಲ್ಲದ ಸಿರಿಂಜಿಗೆ ಹತ್ತು ಬಿಲ್ಲೆ ಹಾಕಿ, ಆ ಲೋಟದ ನೀರನ್ನೇ ಎಳೆದುಕೊಂಡು, ಒಳಗಿನ ಗಾಳಿ ಹೊರಗೆ ಬಿಡಿ. ತುದಿಗೆ ಬೆರಳು ಒತ್ತಿ ಹಿಂದಕ್ಕೆ ಎಳೆದು ಹತ್ತು ಎಣಿಸಿ ಬಿಡಿ. ಎರಡು ಮೂರು ಸಲ ಮಾಡಿದರೆ ಎಲೆಯೊಳಗಿನ ಗಾಳಿ ಹೋಗಿ ನೀರು ತುಂಬುತ್ತದೆ, ಬಿಲ್ಲೆಗಳು ಮುಳುಗುತ್ತವೆ. ಇನ್ನೊಂದು ಲೋಟಕ್ಕೂ ಹೀಗೆಯೇ ಮಾಡಿ ಎರಡನ್ನೂ ಬಿಸಿಲಿಗೆ ಇಡಿ.

ನಿಮಿಷಕ್ಕೊಮ್ಮೆ ಎಷ್ಟು ಮೇಲೆ ಬಂದವು ಅಂತ ಎಣಿಸಬೇಕು. ಸೋಡಾ ಲೋಟದ ಬಿಲ್ಲೆಗಳ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ಒಳ್ಳೆ ಬಿಸಿಲಿದ್ದರೆ ಹತ್ತು ಹದಿನೈದು ನಿಮಿಷದಲ್ಲಿ ಒಂದೊಂದಾಗಿ ಏಳಲು ಶುರುವಾಗುತ್ತವೆ. ಮಕ್ಕಳು ಕೂಗಿಕೊಂಡು ಎಣಿಸುತ್ತಾರೆ, ಕೂಗಲಿ ಬಿಡಿ. ಬರೀ ನೀರಿನಲ್ಲಿ ಬಹುತೇಕ ಕೆಳಗೇ ಇರುತ್ತವೆ. ಮೋಡ ಇದ್ದರೆ ತುಂಬ ತಡ, ಒಮ್ಮೊಮ್ಮೆ ಪೀರಿಯಡ್ ಮುಗಿದರೂ ಏಳುವುದಿಲ್ಲ. ಎದ್ದ ಲೋಟವನ್ನು ಕತ್ತಲೆಯಲ್ಲಿಟ್ಟರೆ ನಿಧಾನವಾಗಿ ಮತ್ತೆ ಮುಳುಗುತ್ತವೆ. ಬಿಲ್ಲೆಗಳನ್ನು ಮೇಲೆತ್ತಿದ್ದು ಬೆಳಕಿನಲ್ಲಿ ಎಲೆ ಹೊರಬಿಟ್ಟ ಆಮ್ಲಜನಕ, ಕತ್ತಲೆಯಲ್ಲಿ ಎಲೆ ಉಸಿರಾಡುತ್ತಾ ಅದನ್ನು ಬಳಸಿಕೊಳ್ಳುತ್ತದೆ. ಗುಳ್ಳೆಯಲ್ಲಿರುವುದು ಆಮ್ಲಜನಕವೇ ಅಂತ ಈ ಪ್ರಯೋಗ ತೋರಿಸುವುದಿಲ್ಲ, ಅದನ್ನು ನಾವು ಬಾಯಲ್ಲಿ ಹೇಳುತ್ತೇವೆ. ಹಾಗೆ ಹೇಳುತ್ತಿದ್ದೇವೆ ಅನ್ನುವುದನ್ನೂ ಮಕ್ಕಳಿಗೆ ತಿಳಿಸಿ.

ಶುಕ್ರವಾರ ಬೇಗ ಮುಗಿಯುತ್ತದೆ. ಕೆಂಪು ದಂಟಿನ ಎಲೆಯನ್ನು ಬಿಸಿ ನೀರಿಗೆ ಹಾಕಿದರೆ ಕೆಂಪು ನೀರಿಗಿಳಿದು ಒಳಗಿನ ಹಸಿರು ಕಾಣುತ್ತದೆ. 'ಕೆಂಪು ಗಿಡ ಆಹಾರ ಹೇಗೆ ಮಾಡಿಕೊಳ್ಳುತ್ತೆ?' ಅನ್ನುವ ಪ್ರಶ್ನೆಗೆ ಅಷ್ಟು ಸಾಕು.

ಶನಿವಾರ ಸೌದೆ ಮತ್ತೆ ಮೇಜಿಗೆ ಬರುತ್ತದೆ. ಹಿಂದಿನ ದಿನವೇ ಒಂದಿಬ್ಬರಿಗೆ ಹಂಡೆ ಒಲೆಯ ಬೂದಿ ತರಲು ಹೇಳಿರುತ್ತೇನೆ. ಒಂದು ಹೊರೆ ಸೌದೆ ಉರಿದರೆ ಎಷ್ಟು ಬೂದಿ ಉಳಿಯುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಬೂದಿಯೇ ಮಣ್ಣಿನ ಪಾಲು. ವಾನ್ ಹೆಲ್ಮಾಂಟರ ಕುಂಡದಲ್ಲಿ ಕಮ್ಮಿಯಾದ ಆ 60 ಗ್ರಾಂ ಕೂಡ ಇಂಥದ್ದೇ. ಅವರು ಮಾತ್ರ ಮರ ಪೂರ್ತಿ ನೀರಿನಿಂದಲೇ ಆಯಿತು ಅಂತ ತೀರ್ಮಾನಿಸಿದರು. ಗ್ಯಾಸ್ ಅನ್ನುವ ಪದವನ್ನು ಕೊಟ್ಟವರೇ ಅವರು, ಇದ್ದಿಲು ಉರಿದಾಗ ಹೊರಡುವ ಗ್ಯಾಸನ್ನೂ ಗುರುತಿಸಿದ್ದರು. ಆದರೂ ತಮ್ಮ ಮರದ ಲೆಕ್ಕಕ್ಕೆ ಗಾಳಿಯನ್ನು ಸೇರಿಸಲಿಲ್ಲ. ಒಣ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಇಂಗಾಲ. ಅದು ಬಂದದ್ದು ಗಾಳಿಯಿಂದ.

ಆಮೇಲೆ ಮಕ್ಕಳಿಗೆ ಮತ್ತೆ ಐದೈದು ಬೀಜ. ಮಣ್ಣಿನ ಡಬ್ಬಿ ಪೂರ್ತಿ ಖಾಲಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಬಿಸಿಲಿನ ಡಬ್ಬಿಗೆ ಬೀಜ ಹಾಕಿದವರನ್ನು ಕರೆದು 'ಬಿಸಿಲಿಗೆ ತೂಕ ಇದೆಯಾ?' ಅಂತ ಕೇಳುತ್ತೇನೆ. ಇದರ ಮೇಲೆ ದೊಡ್ಡ ವಾದವೇ ನಡೆಯುತ್ತದೆ. ಹೋದ ವರ್ಷ ಆ ವಾದದ ನಡುವೆ ಬೂದಿ ತಂದಿದ್ದ ಹುಡುಗ ಎದ್ದು ನಿಂತು ಕೇಳಿದ, 'ಹಂಗಾದ್ರೆ ಸಾರ್, ಸೌದೆ ಉರಿದಾಗ ಹೋಗಿದ್ದು ವಾಪಸ್ ಗಾಳಿಗೇನಾ?' ಸೋಮವಾರದ ಉಸಿರಾಟದ ಪಾಠವನ್ನು ಅವನ ಪ್ರಶ್ನೆಯಿಂದಲೇ ಶುರು ಮಾಡಿದೆ.