ಬಿಳಿ ಹಿನ್ನೆಲೆಯ ಬಾಟಲಿ, ಊಟದ ತಟ್ಟೆ ಪಕ್ಕದ ಬಾಟಲಿ

ಕೇಳುಗರಿಗೆ ನಮಸ್ಕಾರ.

ಸಾಗರ, ಶಿರಸಿ ಕಡೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಈಗ ಗಿರಾಕಿ ಮೊದಲು ನೋಡುವುದು ಫೋನಿನ ಪರದೆಯಲ್ಲಿ. ಹಾಗಾಗಿ ಉಪ್ಪಿನಕಾಯಿ ಎಷ್ಟೇ ಚೆನ್ನಾಗಿರಲಿ, ಫೋಟೋ ಸರಿ ಇರಬೇಕು. ಫೋಟೋಗ್ರಾಫರ್ ಕರೆಸುವಷ್ಟು ದುಡ್ಡಿಲ್ಲದವರು ಎಐ ಟೂಲ್‌ಗಳಲ್ಲಿ ಚಿತ್ರ ಮಾಡಿಕೊಳ್ಳುತ್ತಿದ್ದಾರೆ. ಅಲ್ಲಿ ಮೊದಲು ಎದುರಾಗುವ ಪ್ರಶ್ನೆ: ಬಾಟಲಿಯನ್ನು ಬರೀ ಬಿಳಿ ಹಿನ್ನೆಲೆಯಲ್ಲಿ ತೋರಿಸುವುದೋ, ಮನೆಯ ಊಟದ ಜಾಗದಲ್ಲಿ ತೋರಿಸುವುದೋ?

ಚಿತ್ರ ಎಲ್ಲಿ ಕಾಣುತ್ತದೆ ಅನ್ನುವುದರ ಮೇಲೆ ಇದು ನಿಂತಿದೆ. ಅಮೆಜಾನ್‌ನಲ್ಲಿ ಹುಡುಕುವವರು ಉಪ್ಪಿನಕಾಯಿ ಬೇಕು ಅಂತ ಆಗಲೇ ತೀರ್ಮಾನ ಮಾಡಿ ಬಂದಿರುತ್ತಾರೆ. ಒಳಗಿರುವುದು ಇಡೀ ಮಿಡಿಯೋ ಹೋಳೋ, ಬಾಟಲಿ ಗಾಜಿನದೋ ಪ್ಲಾಸ್ಟಿಕ್ಕೋ, ಅಷ್ಟು ಗೊತ್ತಾದರೆ ಅವರಿಗೆ ಸಾಕು. ಅಲ್ಲಿಗೆ ಬಿಳಿ ಹಿನ್ನೆಲೆಯೇ ಸರಿ. ಅಲ್ಲಿನ ನಿಯಮವೂ ಅದೇ. ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ಅಂದರೆ ಬಣ್ಣದ ಅಂಕಿಗಳಲ್ಲಿ ಕೆಂಪು, ಹಸಿರು, ನೀಲಿ ಮೂರೂ ಗರಿಷ್ಠವಾದ 255. ವಸ್ತು ಚೌಕಟ್ಟಿನ ಕನಿಷ್ಠ ಶೇಕಡಾ 85ರಷ್ಟನ್ನು ತುಂಬಬೇಕು. ಮನೆಯ ದೃಶ್ಯವನ್ನು ಅದರ ನಂತರದ ಚಿತ್ರಗಳಲ್ಲಿ ಹಾಕಬಹುದು. ಇನ್‌ಸ್ಟಾಗ್ರಾಂ, ವಾಟ್ಸಾಪ್ ಸ್ಟೇಟಸ್ ಕಥೆ ಬೇರೆ. ಅಲ್ಲಿ ಯಾರೂ ಉಪ್ಪಿನಕಾಯಿ ಹುಡುಕಿಕೊಂಡು ಬಂದಿರುವುದಿಲ್ಲ. ಸುಮ್ನೆ ನೋಡುತ್ತಾ ಹೋಗುವವರಿಗೆ ಬಾಯಲ್ಲಿ ನೀರೂರಬೇಕು, ಅಲ್ವಾ? ಅದಕ್ಕೆ ಬಾಟಲಿ ಒಂದೇ ಸಾಲದು, ಪಕ್ಕದಲ್ಲಿ ಮೊಸರನ್ನ ಬೇಕು.

ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಅಂದರೆ ಮೊದಲು ಬಿಳಿ ಹಿನ್ನೆಲೆಯದನ್ನು ಮಾಡಿ ಅಂತ ನಾನು ಹೇಳುತ್ತೇನೆ. ಅದನ್ನು ಎಲ್ಲಿ ಹಾಕಿದರೂ ನಡೆಯುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾಟಲಿಯನ್ನು ಎಐ ಕೈಯಲ್ಲಿ ಹೊಸದಾಗಿ ಬರೆಸಬೇಡಿ. ನಿಮ್ಮದೇ ಬಾಟಲಿಯನ್ನು ಕಿಟಕಿ ಹತ್ತಿರ ಇಟ್ಟು ಫೋನಿನಲ್ಲಿ ಫೋಟೋ ತೆಗೆಯಿರಿ. ಅದನ್ನು ಟೂಲ್‌ಗೆ ಕೊಟ್ಟು, ಬಾಟಲಿ ಹಾಗೇ ಇರಲಿ, ಸುತ್ತಲಿನದು ಮಾತ್ರ ಬದಲಾಗಲಿ ಅಂತ ಹೇಳಿ. ಬಾಟಲಿಯ ಭಾಗವನ್ನು ಮುಟ್ಟದಂತೆ ಗುರುತು ಮಾಡುವ ಸೌಲಭ್ಯ ಇದ್ದರೆ ಬಳಸಿ. ಯಾಕೆ ಅಂದರೆ ಲೇಬಲ್. ಕನ್ನಡದ ಒತ್ತಕ್ಷರಗಳನ್ನು ಈ ಟೂಲ್‌ಗಳು ಸುಲಭವಾಗಿ ಕೆಡಿಸುತ್ತವೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್ಎಸ್ಎಸ್ಎಐನ 14 ಅಂಕಿಯ ಲೈಸೆನ್ಸ್ ನಂಬರಿನಲ್ಲಿ ಒಂದು ಅಂಕಿ ತಿರುಗಿದರೂ ಅದು ನಿಮ್ಮ ನಂಬರಲ್ಲ. ಬಂದ ಚಿತ್ರವನ್ನು ದೊಡ್ಡದು ಮಾಡಿ ಲೇಬಲ್ಲನ್ನು ಅಕ್ಷರ ಅಕ್ಷರ ಓದಿ ನೋಡಿ.

ಈಗ ಪ್ರಾಂಪ್ಟ್, ಅಂದರೆ ಟೂಲ್‌ಗೆ ಬರೆದು ಕೊಡುವ ಸೂಚನೆಯ ವಿಷಯ. ಬಿಳಿ ಹಿನ್ನೆಲೆಯ ಪ್ರಾಂಪ್ಟ್‌ನಲ್ಲಿ ಜಾಗ, ಹೊತ್ತು, ಮನುಷ್ಯರು ಯಾವುದೂ ಬರಬಾರದು. ವಸ್ತು, ಕೋನ, ಬೆಳಕು, ನೆರಳು, ಇಷ್ಟೇ. ಹೀಗೆ ಬರೆಯಬಹುದು: "ಈ ಗಾಜಿನ ಬಾಟಲಿ, ಎದುರಿನಿಂದ, ಕಣ್ಣಿನ ಮಟ್ಟದಲ್ಲಿ. ಅಪ್ಪಟ ಬಿಳಿ ಹಿನ್ನೆಲೆ. ಎರಡೂ ಬದಿಯಿಂದ ಮೆತ್ತನೆಯ ಸಾಫ್ಟ್‌ಬಾಕ್ಸ್ ಬೆಳಕು. ಬಾಟಲಿಯ ತಳದಲ್ಲಿ ಮಾತ್ರ ತೆಳು ನೆರಳು. ಮುಚ್ಚಳದಿಂದ ತಳದವರೆಗೆ ಎಲ್ಲವೂ ಸ್ಪಷ್ಟ." ಸಾಫ್ಟ್‌ಬಾಕ್ಸ್ ಅಂದರೆ ಸ್ಟುಡಿಯೋದಲ್ಲಿ ಬೆಳಕನ್ನು ಮೆತ್ತಗೆ ಮಾಡಲು ದೀಪಕ್ಕೆ ಹಾಕುವ, ಬಿಳಿ ಬಟ್ಟೆಯ ಮುಖ ಇರುವ ಪೆಟ್ಟಿಗೆ. ಸುಂದರ, ಅದ್ಭುತ, ಪ್ರೀಮಿಯಂ ಅನ್ನುವ ಪದಗಳು ಇಲ್ಲಿ ಬೇಡ. ಅವು ಬಂದರೆ ಚಿನ್ನದ ಹೊಳಪು, ಹೊಗೆ, ಎಲೆ ಏನೇನೋ ಸೇರಿಕೊಳ್ಳುತ್ತದೆ. "ಕೈ ಬೇಡ, ಹೂವು ಬೇಡ" ಅಂತಲೂ ಬರೆಯಬೇಡಿ. ಬೇಡ ಅಂದದ್ದೇ ಎಷ್ಟೋ ಸಲ ಚಿತ್ರಕ್ಕೆ ಬಂದು ಕೂರುತ್ತದೆ. ಬೇಡದ್ದನ್ನು ಬರೆಯಲು ಬೇರೆ ಜಾಗ ಕೊಡುವ ಟೂಲ್‌ಗಳಿವೆ, ಅಲ್ಲಿ ಬರೆಯಿರಿ.

ಗಾಜಿನ ಬಾಟಲಿಗೆ ಇನ್ನೊಂದು ತೊಂದರೆ ಇದೆ. ಬಿಳಿ ಮೇಲೆ ಗಾಜು ಇಟ್ಟರೆ ಅಂಚು ಕಾಣುವುದಿಲ್ಲ. ಬಾಟಲಿಯ ಮೇಲ್ಭಾಗ ಹಿನ್ನೆಲೆಯಲ್ಲಿ ಕರಗಿ, ಮುಚ್ಚಳ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಸ್ಟುಡಿಯೋದವರು ಇದಕ್ಕೆ ಬಾಟಲಿಯ ಎರಡೂ ಪಕ್ಕ, ಕ್ಯಾಮೆರಾಕ್ಕೆ ಕಾಣದ ಹಾಗೆ, ಕಪ್ಪು ರಟ್ಟು ನಿಲ್ಲಿಸುತ್ತಾರೆ. ಆ ರಟ್ಟಿನ ಕಪ್ಪು ಬಣ್ಣ ಗಾಜಿನ ಅಂಚಿನಲ್ಲಿ ಪ್ರತಿಬಿಂಬಿಸಿ ಗೆರೆ ಎಳೆದಂತೆ ಆಕಾರ ಎದ್ದು ಬರುತ್ತದೆ. ನಿಮ್ಮ ಮೂಲ ಫೋಟೋ ತೆಗೆಯುವಾಗಲೇ ಎರಡು ಕಪ್ಪು ರಟ್ಟು ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಪ್ರಾಂಪ್ಟ್‌ನಲ್ಲೂ "ಗಾಜಿನ ಎರಡೂ ಅಂಚಿನಲ್ಲಿ ತೆಳುವಾದ ಕಪ್ಪು ಗೆರೆ" ಅಂತ ಸೇರಿಸಿ. ಬಂದ ಬಿಳಿ ನಿಜವಾಗಿ ಬಿಳಿಯೇ ಅಂತ ಎಡಿಟಿಂಗ್ ಆ್ಯಪ್‌ನ ಬಣ್ಣ ಆರಿಸುವ ಟೂಲ್‌ನಿಂದ ನೋಡಿ. ಕಣ್ಣಿಗೆ ಬಿಳಿ ಕಂಡರೂ ಅದು ಎಷ್ಟೋ ಸಲ ಬೂದು ಇರುತ್ತದೆ.

ಮನೆಯ ದೃಶ್ಯಕ್ಕೆ ಬಂದರೆ ಪ್ರಾಂಪ್ಟ್ ತಿರುಗಿ ನಿಲ್ಲುತ್ತದೆ. ಇಲ್ಲಿ ಬಾಟಲಿ ಬಗ್ಗೆ ಹೇಳುವುದು ಕಡಿಮೆ, ಸುತ್ತಲಿನದರ ಬಗ್ಗೆ ಜಾಸ್ತಿ. ಆದರೆ "ಇಂಡಿಯನ್ ಕಿಚನ್" ಅಂತ ಬರೆದರೆ ಸಾಮಾನ್ಯವಾಗಿ ಬರುವುದು ಹಿತ್ತಾಳೆ ಪಾತ್ರೆ, ಚೆಂಡುಹೂವು, ಚೆಲ್ಲಿದ ಕೆಂಪು ಮೆಣಸಿನಕಾಯಿ. ಮಲೆನಾಡಿನ ಯಾವ ಮನೆಯಲ್ಲಿ ಊಟದ ಹೊತ್ತಿಗೆ ಚೆಂಡುಹೂವು ಹರಡಿರುತ್ತಾರೆ? ಅದಕ್ಕೇ ಒಂದೊಂದನ್ನೂ ಹೆಸರಿಟ್ಟು ಹೇಳಬೇಕು: "ಕಪ್ಪು ಕಲ್ಲಿನ ಅಡುಗೆ ಕಟ್ಟೆ. ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ, ಅಂಚಿನಲ್ಲಿ ಒಂದು ಮಿಡಿ. ತಟ್ಟೆಯ ಬಲಗಡೆ ಈ ಬಾಟಲಿ, ಪಕ್ಕದ ಸ್ಟೀಲ್ ಲೋಟದಷ್ಟೇ ಎತ್ತರ. ಎಡಗಡೆ ಕಿಟಕಿಯಿಂದ ಮಳೆಗಾಲದ ಮಧ್ಯಾಹ್ನದ ಮಂದ ಬೆಳಕು. ಹಿಂದಿನ ಗೋಡೆ ಮಸುಕು."

ಆ ಲೋಟದ ಮಾತು ಬಿಡಬೇಡಿ. ಅಳತೆಗೆ ಪಕ್ಕದಲ್ಲಿ ಏನೂ ಇಲ್ಲದಿದ್ದರೆ 250 ಗ್ರಾಂ ಬಾಟಲಿ ಭರಣಿಯಷ್ಟು ದೊಡ್ಡದಾಗಿ ಬರುತ್ತದೆ. ಪಾರ್ಸೆಲ್ ಬಿಚ್ಚಿದವರು ಮೊದಲು ಕೇಳುವುದೇ "ಇಷ್ಟೇನಾ?" ಅಂತ.

ಬೆಳಕಿನ ವಿಷಯ ಇನ್ನೂ ಮುಖ್ಯ. ಬಾಟಲಿಯ ಫೋಟೋ ತೆಗೆದಾಗ ಕಿಟಕಿ ಎಡಕ್ಕಿದ್ದರೆ, ದೃಶ್ಯದಲ್ಲೂ ಬೆಳಕು ಎಡದಿಂದಲೇ ಬರಲಿ ಅಂತ ಬರೆಯಿರಿ. ಮೊದಲ ಪ್ರಾಂಪ್ಟ್‌ನ ಸಾಫ್ಟ್‌ಬಾಕ್ಸ್ ಪದವನ್ನು ಇಲ್ಲಿಗೆ ತರಬೇಡಿ. ತಂದರೆ ಅಡುಗೆಮನೆಯಲ್ಲಿ ಬಾಟಲಿ ಮಾತ್ರ ಬೇರೆ ಬೆಳಕಲ್ಲಿ ಹೊಳೆದು, ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಲೋಟದ ನೆರಳು ಯಾವ ಕಡೆ ಬಿದ್ದಿದೆ, ಬಾಟಲಿಯದು ಯಾವ ಕಡೆ ಬಿದ್ದಿದೆ ನೋಡಿ. ಎರಡೂ ಒಂದೇ ಕಡೆ ಇರದಿದ್ದರೆ, ಅಥವಾ ಬಾಟಲಿಗೆ ನೆರಳೇ ಇಲ್ಲದಿದ್ದರೆ, ಆ ಚಿತ್ರ ಬಿಟ್ಟುಬಿಡಿ.

ತಟ್ಟೆಯಲ್ಲಿರುವ ಮಿಡಿಯನ್ನೂ ಗಮನಿಸಿ, ಅದನ್ನು ಟೂಲ್ ತಾನೇ ಕಲ್ಪಿಸಿಕೊಂಡು ಬರೆದಿರುತ್ತದೆ. ಮಾವಿನ ಉಪ್ಪಿನಕಾಯಿ ಅಂದರೆ ಅದು ಹೋಳು ಹೆಚ್ಚಿ ಮೇಲೆ ಕೆಂಪು ಎಣ್ಣೆ ನಿಲ್ಲಿಸಿಬಿಡುತ್ತದೆ. ನಮ್ಮ ಕಡೆಯ ಬಹಳಷ್ಟು ಮನೆಗಳ ಅಪ್ಪೆಮಿಡಿಯಲ್ಲಿ ಎಣ್ಣೆ ತೇಲುವುದಿಲ್ಲ, ಇಡೀ ಕಾಯಿ ಮಸಾಲೆಯ ರಸದಲ್ಲಿರುತ್ತದೆ. ಹಾಗಾಗಿ ಹೆಸರಿನ ಬದಲು ರೂಪ ಹೇಳಿ: "ಹೆಬ್ಬೆರಳಿನಷ್ಟು ಪುಟ್ಟ, ಹೆಚ್ಚದ ಇಡೀ ಮಾವಿನಕಾಯಿ, ಚೂರು ತೊಟ್ಟು ಇದೆ, ಸುಕ್ಕುಗಟ್ಟಿದ ಕಂದು ಹಸಿರು ಸಿಪ್ಪೆ, ಸುತ್ತ ಕೆಂಗಂದು ಗಟ್ಟಿ ರಸ." ಇಷ್ಟು ಹೇಳಿದರೂ ಸರಿ ಬರದಿದ್ದರೆ ತಟ್ಟೆಯನ್ನೂ ಎಐಗೆ ಬಿಡಬೇಡಿ. ಮೊಸರನ್ನದ ಮೇಲೆ ನಿಮ್ಮದೇ ಒಂದು ಮಿಡಿ ಇಟ್ಟು, ಬಾಟಲಿಯ ಜೊತೆಗೇ ಫೋಟೋ ತೆಗೆದು, ಟೂಲ್‌ಗೆ ಕಟ್ಟೆ, ಗೋಡೆಯ ಕೆಲಸ ಮಾತ್ರ ಕೊಡಿ.

ನಮಸ್ಕಾರ.